ಅಪ್ಪ ಕೂಗಾಡಿದರೆ ಸಾಲದು: ಜಾತಿ ಮೀರಿದ ಪ್ರೇಮಕಥೆಯಲ್ಲಿ ತಡೆ ಎಲ್ಲಿಂದ ಹುಟ್ಟುತ್ತದೆ?

ಪ್ರಶ್ನೆ: ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು 1980ರ ಸುಮಾರಿಗೆ, ಕಾಸರಗೋಡಿನ ಪೆರ್ಲದ ಹತ್ತಿರದ ಒಂದು ಹಳ್ಳಿಯಲ್ಲಿ. ಅಡಿಕೆ ತೋಟದ ಭಟ್ಟರ ಮಗಳು ಸುಮನಾ, ಆ ತೋಟಕ್ಕೆ ಅಡಿಕೆ ಕೊಯ್ಯಲು ಬರುವ ಐತನ ಮಗ ಬಾಬು. ಇಬ್ಬರಿಗೂ ಪ್ರೀತಿ. ಗೊತ್ತಾದ ದಿನ ಭಟ್ಟರು ಕೂಗಾಡಿ, “ನಾಳೆಯೇ ನಿಮ್ಮ ಗುಡಿಸಲು ಖಾಲಿ ಮಾಡಿಸುತ್ತೇನೆ” ಎನ್ನುತ್ತಾರೆ. ಇವರಿಬ್ಬರು ರಿಜಿಸ್ಟರ್ ಮದುವೆಗೆ ನೋಟಿಸು ಕೊಡುತ್ತಾರೆ. ಯಾರೋ ಅದನ್ನು ನೋಡಿ ಮನೆಗೆ ತಿಳಿಸುತ್ತಾರೆ. ಕೊನೆಗೆ ಇಬ್ಬರೂ ಸಾಯುತ್ತಾರೆ. ಓದಿದ ಗೆಳತಿಯರು “ಸಿನಿಮಾ ನೋಡಿದ ಹಾಗಾಯಿತು, ಅಳು ಬರಲಿಲ್ಲ” ಎಂದರು. ಇದು ಸವಕಲು ವಸ್ತುವೇ? ಹಾಗಿದ್ದರೆ ಜನ ಇನ್ನೂ ಯಾಕೆ ಇದನ್ನೇ ಓದುತ್ತಾರೆ, ನೋಡುತ್ತಾರೆ? ಕೊನೆಗೆ ಸಾಯಿಸಲೇಬೇಕೆ?

ಉತ್ತರ: ಗೆಳತಿಯರಿಗೆ ಅಳು ಬಾರದ್ದಕ್ಕೆ ವಸ್ತುವಿನ ವಯಸ್ಸು ಕಾರಣವಲ್ಲ. ಭಟ್ಟರ ಬೆದರಿಕೆಯನ್ನು ಅವರು ನಂಬಲಿಲ್ಲ. ಹಸ್ತಪ್ರತಿ ತಿದ್ದುವವರಿಗೆ ಈ ಬಗೆಯ ಕಥೆಗಳಲ್ಲಿ ಪದೇ ಪದೇ ಸಿಗುವ ದೋಷ ಇದೇ: ಪ್ರೀತಿಯನ್ನು ನಲವತ್ತು ಪುಟ ಬರೆದಿರುತ್ತಾರೆ, ತಡೆಯನ್ನು ಒಂದು ಕೂಗಾಟದಲ್ಲಿ ಮುಗಿಸಿರುತ್ತಾರೆ. ಪ್ರೀತಿ ಯಾಕೆ ಹುಟ್ಟಿತು ಎಂದು ಯಾವ ಓದುಗನೂ ಕೇಳುವುದಿಲ್ಲ. ಅದು ಯಾಕೆ ಸಾಧ್ಯವಿಲ್ಲ ಎಂದು ಪ್ರತಿಯೊಬ್ಬನೂ ಕೇಳುತ್ತಾನೆ. ‘ಜಾತಿ ಬೇರೆ’ ಎಂಬುದು ಆ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ. ಈ ಮದುವೆ ನಡೆದರೆ ಯಾರ ಕೈಯಿಂದ ಏನು ಜಾರುತ್ತದೆ ಎಂದು ಕಾಣಿಸಿದಾಗ ಉಳಿದರ್ಧ ಸಿಗುತ್ತದೆ.

ನಿಮ್ಮ ಕಥೆಗೆ ಬರುವ ಮುಂಚೆ ಒಂದು ಕೃತಿಯನ್ನು ಬಿಚ್ಚಿ ನೋಡೋಣ. ತಗಳಿ ಶಿವಶಂಕರ ಪಿಳ್ಳೆಯವರ ಮಲಯಾಳಂ ಕಾದಂಬರಿ ‘ಚೆಮ್ಮೀನ್’ ಪ್ರಕಟವಾದದ್ದು 1956ರಲ್ಲಿ. ರಾಮು ಕಾರ್ಯಾಟ್ ಅದನ್ನು 1965ರಲ್ಲಿ ಸಿನಿಮಾ ಮಾಡಿದರು, ರಾಷ್ಟ್ರಪತಿಗಳ ಚಿನ್ನದ ಪದಕವೂ ಬಂತು. ಬೆಸ್ತರ ಹುಡುಗಿ ಕರುತ್ತಮ್ಮ, ಮೀನು ವ್ಯಾಪಾರದ ಮುಸ್ಲಿಂ ಹುಡುಗ ಪರೀಕುಟ್ಟಿ. ಕೇಳಿದವರೆಲ್ಲ ಇದನ್ನು ಎರಡು ಧರ್ಮಗಳ ನಡುವಿನ ಪ್ರೇಮ ಎನ್ನುತ್ತಾರೆ. ತಪ್ಪಲ್ಲ. ಆದರೆ ಕಾದಂಬರಿಯಲ್ಲಿ ಕಥೆಯನ್ನು ಎಳೆದುಕೊಂಡು ಹೋಗುವುದು ಒಂದು ಸಾಲ.

ಕರುತ್ತಮ್ಮನ ಅಪ್ಪ ಚೆಂಬನ್‌ಕುಂಞಿಗೆ ಸ್ವಂತ ದೋಣಿ, ಸ್ವಂತ ಬಲೆ ಬೇಕು. ಕೈಯಲ್ಲಿ ಅಷ್ಟು ದುಡ್ಡಿಲ್ಲ. ಅವನು ಹೋಗಿ ಕೇಳುವುದು ಯಾರ ಹತ್ತಿರ? ಮಗಳ ಮೇಲೆ ಮನಸ್ಸಿಟ್ಟಿರುವ ಪರೀಕುಟ್ಟಿಯ ಹತ್ತಿರವೇ. ಪರೀಕುಟ್ಟಿ ಕೊಡುತ್ತಾನೆ. ದೋಣಿ ಬಂದ ಮೇಲೆ ಚೆಂಬನ್‌ಕುಂಞಿ ಸಾಲವನ್ನೂ ತೀರಿಸುವುದಿಲ್ಲ, ಹಿಡಿದ ಮೀನನ್ನೂ ಅವನಿಗೆ ಮಾರುವುದಿಲ್ಲ. ಹುಡುಗನ ವ್ಯಾಪಾರ ಮುಳುಗುತ್ತದೆ. ಇನ್ನು ಕರುತ್ತಮ್ಮನ ಪಾಡು ನೋಡಿ. ಅವನನ್ನು ಮರೆಯಬೇಕೆಂದರೆ ಮೊದಲು ಅಪ್ಪನ ಸಾಲ ತೀರಬೇಕು, ಅದು ತೀರದೆ ಅವಳಿಗೆ ಮನಸ್ಸು ಕಿತ್ತುಕೊಳ್ಳಲು ಆಗುವುದಿಲ್ಲ. ಮನೆಗೆ ದೋಣಿ ತಂದ ದುಡ್ಡೇ ಅವಳನ್ನು ಅವನಿಗೆ ಕಟ್ಟಿಹಾಕಿದೆ. ಅದೇ ದುಡ್ಡು ಅವನನ್ನು ಬೀದಿಗೆ ತಂದಿದೆ.

ಇದರ ಮೇಲೆ ನಂಬಿಕೆಯ ಒಂದು ಪದರ ಇದೆ. ಗಂಡ ಕಡಲಿಗೆ ಇಳಿದಾಗ ದಡದಲ್ಲಿರುವ ಹೆಂಡತಿಯ ನಡತೆ ಅವನ ಜೀವ ಕಾಯುತ್ತದೆ ಎಂಬ ಮಾತನ್ನು ತಾಯಿ ಚಕ್ಕಿ ಮಗಳಿಗೆ ಮೊದಲೇ ಹೇಳಿರುತ್ತಾಳೆ. ಆರಂಭದಲ್ಲಿ ಅದು ತಾಯಂದಿರ ಮಾಮೂಲು ಬುದ್ಧಿಮಾತಿನಂತೆ ಕೇಳಿಸುತ್ತದೆ. ಕೊನೆಯಲ್ಲಿ ಗಂಡ ಪಳನಿ ಕಡಲಲ್ಲಿರುವ ರಾತ್ರಿ ಕರುತ್ತಮ್ಮ ಮತ್ತು ಪರೀಕುಟ್ಟಿ ಮತ್ತೆ ಭೇಟಿಯಾಗುತ್ತಾರೆ. ಆಗ ಆ ಬುದ್ಧಿಮಾತು ಮೂವರ ಜೀವ ತೆಗೆಯುತ್ತದೆ. ಸಾವು ಆಕಾಶದಿಂದ ಬೀಳಲಿಲ್ಲ. ಮೊದಲ ಪುಟಗಳಲ್ಲೇ ಅದರ ಬೀಜ ಬಿದ್ದಿತ್ತು.

ಇಡೀ ಕಥೆಯಲ್ಲಿ ‘ಅವನು ಮುಸ್ಲಿಂ, ನೀನು ಹಿಂದೂ’ ಎಂಬ ಜಗಳಕ್ಕೆ ಎಷ್ಟು ಜಾಗ ಸಿಕ್ಕಿದೆ, ದೋಣಿ, ಬಲೆ, ಒಣಮೀನು, ಬಾಕಿ ದುಡ್ಡಿಗೆ ಎಷ್ಟು ಸಿಕ್ಕಿದೆ ಎಂದು ಒಮ್ಮೆ ಹೋಲಿಸಿ. ಮತದ ಗೋಡೆ ಇದೆ ಎಂದು ಎಲ್ಲರಿಗೂ ಗೊತ್ತು, ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ. ಆ ಗೋಡೆಯ ಈಚೆ ಆಚೆ ದುಡ್ಡು ಓಡಾಡುತ್ತದೆ, ಮನುಷ್ಯರು ಓಡಾಡುವ ಹಾಗಿಲ್ಲ. ಸಂಕಟ ಹುಟ್ಟುವುದು ಅಲ್ಲಿ.

ಈಗ ನಿಮ್ಮ ಭಟ್ಟರ ಬೆದರಿಕೆಗೆ ಬರೋಣ. 1980ರಲ್ಲಿ ನಮ್ಮ ಕಡೆ ಆ ಮಾತು ಪೊಳ್ಳು. ಕೇರಳದ ಭೂಸುಧಾರಣಾ ಕಾನೂನು 1970ರ ಜನವರಿ 1ರಿಂದ ಗಟ್ಟಿಯಾಗಿ ಜಾರಿಗೆ ಬಂತು. ಧನಿಗಳ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕುಡಿಕಿಡಪ್ಪುದಾರರಿಗೆ ಆ ನೆಲವನ್ನು ಕಡಿಮೆ ಬೆಲೆಗೆ ಕೊಳ್ಳುವ ಹಕ್ಕು ಸಿಕ್ಕಿತು, ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ. ಐತ ಆ ಹತ್ತು ಸೆಂಟ್ಸನ್ನು ಆಗಲೇ ತನ್ನ ಹೆಸರಿಗೆ ಮಾಡಿಸಿಕೊಂಡಿರಬಹುದು. ಮಾಡಿಸಿಕೊಂಡಿರದಿದ್ದರೂ ‘ನಾಳೆಯೇ ಖಾಲಿ’ ಆಗದು ಎಂದು ಭಟ್ಟರಿಗೂ ಗೊತ್ತು, ಐತನಿಗೂ ಗೊತ್ತು, ನಮ್ಮ ಊರಿನ ಓದುಗರಿಗೂ ಗೊತ್ತು. ಇದೇ ದೃಶ್ಯವನ್ನು 1950ಕ್ಕೆ ಇಟ್ಟಿದ್ದರೆ ಓದುಗನಿಗೆ ನಡುಕ ಬರುತ್ತಿತ್ತು.

ಇಲ್ಲಿ ನಿಮಗೆ ಎರಡು ದಾರಿ ಇವೆ. ಕಥೆಯನ್ನು ಇಪ್ಪತ್ತೈದು ಮೂವತ್ತು ವರ್ಷ ಹಿಂದಕ್ಕೆ ಒಯ್ಯುವುದು ಒಂದು. ಹಾಗೆ ಮಾಡಿದರೆ ಶಾಲೆ, ಬಸ್ಸು, ಕೂಲಿ, ಹುಡುಗಿ ಎಷ್ಟು ಓದಿದ್ದಾಳೆ ಎಂಬುದು, ಎಲ್ಲವನ್ನೂ ಬದಲಿಸಬೇಕಾದೀತು. 1956ರ ನವೆಂಬರಿಗಿಂತ ಹಿಂದೆ ಹೋದರೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು ಎಂಬುದೂ ನೆನಪಿರಲಿ. ಎರಡನೆಯ ದಾರಿ, 1980ನ್ನೇ ಇಟ್ಟುಕೊಂಡು ಆ ಕಾಲಕ್ಕೆ ಸರಿಯಾದ ತಡೆ ಹುಡುಕುವುದು. ನನ್ನ ಮತ ಎರಡನೆಯದಕ್ಕೆ. ಯಾಕೆಂದರೆ ಆ ಹೊತ್ತಿಗೆ ಕಾನೂನು ಭಟ್ಟರ ಕೈಯಿಂದ ದೊಡ್ಡ ಕೋಲನ್ನು ಕಿತ್ತುಕೊಂಡಿತ್ತು. ಉಳಿದದ್ದು ಸಣ್ಣ ಸಣ್ಣ ಹಿಡಿತಗಳು. ಕಾದಂಬರಿಗೆ ಬೇಕಾದದ್ದು ಅವೇ.

ಐತನ ಮನೆಗೆ ನೀರು ಎಲ್ಲಿಂದ? ಎನ್ಮಕಜೆ, ಬಾಯಾರು ಕಡೆಯ ಗುಡ್ಡದಲ್ಲಾದರೆ ಭಟ್ಟರ ಸುರಂಗದಿಂದ ಎನ್ನಿ. ಮುರಕಲ್ಲಿನ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ ಜಿನುಗುವ ನೀರು ತೋಟದ ಕೆರೆಗೆ ಬೀಳುತ್ತದೆ. ಐತನ ಹೆಂಡತಿ ಬೆಳಿಗ್ಗೆ ಎರಡು ಕೊಡ ತುಂಬಿಸಿಕೊಂಡು ಹೋಗುತ್ತಾಳೆ. ವಿಷಯ ಗೊತ್ತಾದ ಮೇಲೆ ಯಾರೂ ‘ನೀರು ಕೊಡುವುದಿಲ್ಲ’ ಎನ್ನಬೇಕಿಲ್ಲ. ಏಪ್ರಿಲ್ ತಿಂಗಳು, ನೀರು ಬೆರಳಿನಷ್ಟು ಸಣ್ಣಕ್ಕೆ ಬರುತ್ತಿದೆ. ಸುಮನಾಳ ಅಮ್ಮ ಜಗಲಿಯಿಂದಲೇ, “ತೋಟಕ್ಕೇ ಸಾಲುತ್ತಿಲ್ಲ ಮಾರಾಯ್ತಿ, ಇನ್ನು ಸಂಜೆ ಮೇಲೆ ಬಾ, ಉಳಿದರೆ ತಕ್ಕೊಂಡು ಹೋಗು” ಎಂದರೆ ಸಾಕು. ಮಾತಿನಲ್ಲಿ ಒರಟುತನವಿಲ್ಲ, ಸುಳ್ಳೂ ಇಲ್ಲ. ಆ ಹೆಂಗಸು ಖಾಲಿ ಕೊಡ ಎತ್ತಿಕೊಂಡು ಗುಡ್ಡ ಇಳಿಯುವಾಗ ಓದುಗನಿಗೆ ಎಲ್ಲ ಅರ್ಥವಾಗಿರುತ್ತದೆ. ಇದು ನಿಮ್ಮ ಮೂರು ಪುಟದ ಕೂಗಾಟಕ್ಕಿಂತ ಭಾರವಾದ ದೃಶ್ಯ. ಮೊದಲ ಅಧ್ಯಾಯದಲ್ಲಿ ಅದೇ ಹೆಂಗಸು ಅದೇ ಕೆರೆಯಲ್ಲಿ ಯಾವ ಚಿಂತೆಯೂ ಇಲ್ಲದೆ ಕೊಡ ತುಂಬಿಸುವುದನ್ನು ತೋರಿಸಲು ಮಾತ್ರ ಮರೆಯಬೇಡಿ.

ಹಿಡಿತ ಒಂದೇ ಕಡೆ ಇದ್ದರೆ ಕಥೆ ಚಪ್ಪಟೆಯಾಗುತ್ತದೆ. ಭಟ್ಟರಿಗೂ ಐತ ಬೇಕು. ತಳೆ ಕಾಲಿಗೆ ಸಿಕ್ಕಿಸಿಕೊಂಡು ಒಂದು ಮರ ಹತ್ತಿ, ಕೆಳಗಿಳಿಯದೆ ಪಕ್ಕದ ಮರಕ್ಕೆ ದಾಟುವ ಕಸುಬು ಎಲ್ಲರಿಗೂ ಬರುವುದಿಲ್ಲ. ಮಳೆ ಹಿಡಿಯುವ ಮುಂಚೆ ಗೊನೆಗಳಿಗೆ ಬೋರ್ಡೋ ಮದ್ದು ಬಿಡಬೇಕು, ಒಂದೂವರೆ ತಿಂಗಳಿಗೆ ಮತ್ತೊಮ್ಮೆ ಬಿಡಬೇಕು. ತಪ್ಪಿದರೆ ಕೊಳೆರೋಗ ಬಂದು ಎಳೆಕಾಯಿ ಉದುರುತ್ತದೆ, ವರ್ಷದ ಆದಾಯ ಹೋಯಿತು. ಅಂದಮೇಲೆ ಮೇ ಕೊನೆಯಲ್ಲಿ ವಿಷಯ ಬಯಲಾದರೆ ಭಟ್ಟರು ಐತನನ್ನು ಅಂಗಳದಿಂದ ಓಡಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಮಗಳ ಮೇಲಿನ ಸಿಟ್ಟನ್ನು ನುಂಗಿಕೊಂಡು ಮಗಳ ಪ್ರಿಯಕರನ ಅಪ್ಪನಿಗೆ “ನಾಳೆ ಮದ್ದಿಗೆ ಬಾ” ಎಂದು ಹೇಳಿ ಕಳಿಸಬೇಕಾಗುತ್ತದೆ. ನಿಮ್ಮ ಕರಡಿನಲ್ಲಿ ಯಾವ ತಿಂಗಳು ಎಂದೇ ಇಲ್ಲ. ತಿಂಗಳು ಹಾಕಿ ನೋಡಿ, ಅರ್ಧ ಕಥೆ ತಾನಾಗಿ ಬರೆಯಿಸಿಕೊಳ್ಳುತ್ತದೆ.

ಇನ್ನೊಂದು ಕೊರತೆ ಇದೆ. ಐತನ ಜಾತಿಯನ್ನು ನೀವು ಎಲ್ಲೂ ಹೇಳಿಲ್ಲ, ‘ಕೆಳಜಾತಿ’ ಎಂದು ಬಿಟ್ಟಿದ್ದೀರಿ. ಸಂಕೋಚ ಅರ್ಥವಾಗುತ್ತದೆ. ಆದರೆ ಬಿಲ್ಲವನಾದರೆ ಒಂದು ಕಥೆ, ಮೊಗೇರನಾದರೆ ಇನ್ನೊಂದು. ಅಂಗಳದಲ್ಲಿ ಎಲ್ಲಿ ನಿಲ್ಲುತ್ತಿದ್ದ, ಚಾ ಯಾವುದರಲ್ಲಿ ಕೊಡುತ್ತಿದ್ದರು, ಆ ಲೋಟವನ್ನು ತೊಳೆದು ಎಲ್ಲಿ ಕವುಚಿಡುತ್ತಿದ್ದರು, ಎಲ್ಲವೂ ಬೇರೆ ಬೇರೆ. ಹೆಸರಿಲ್ಲದ ಜಾತಿಗೆ ಲೋಟವೂ ಇರುವುದಿಲ್ಲ. ಆ ಲೋಟ ಕಾಣದಿದ್ದರೆ, ಸುಮನಾ ಒಂದು ದಿನ ಮನೆಯವರ ಲೋಟದಲ್ಲೇ ಬಾಬುವಿಗೆ ಚಾ ಕೊಟ್ಟಳು ಎಂದು ನೀವು ಬರೆದ ದೃಶ್ಯ ಯಾರಿಗೂ ತಟ್ಟುವುದಿಲ್ಲ.

ನೋಟಿಸಿನ ವಿಷಯದಲ್ಲಿ ಕಾನೂನು ಸ್ವಲ್ಪ ತಪ್ಪಿದೆ. 30 ದಿನದ ನೋಟಿಸು ಬರುವುದು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ. ಇಬ್ಬರಲ್ಲಿ ಒಬ್ಬರಾದರೂ ಆ ವ್ಯಾಪ್ತಿಯಲ್ಲಿ 30 ದಿನ ವಾಸವಿದ್ದು ಅರ್ಜಿ ಕೊಡಬೇಕು. ಅಧಿಕಾರಿ ಅದರ ಪ್ರತಿಯನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಲ್ಲಿ ಅಂಟಿಸುತ್ತಾನೆ. ತಕರಾರಿಲ್ಲದೆ 30 ದಿನ ಕಳೆದ ಮೇಲೆ ಮೂವರು ಸಾಕ್ಷಿಗಳ ಮುಂದೆ ಮದುವೆ. ನೋಟಿಸು ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿನಿಂದ. ವಯಸ್ಸು, ಮೊದಲ ಮದುವೆ ಇದೆಯೇ ಎಂಬಂಥ ಕಾರಣಗಳಿಗೆ ಮಾತ್ರ ತಕರಾರು ನಿಲ್ಲುತ್ತದೆ. ‘ಜಾತಿ ಬೇರೆ’ ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಇದು ಎರಡು ಧರ್ಮದವರಿಗೆ ಅನಿವಾರ್ಯ. ಸುಮನಾ, ಬಾಬು ಇಬ್ಬರೂ ಹಿಂದೂಗಳು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಅಂತರ್ಜಾತಿ ಮದುವೆಗೆ ಅಡ್ಡಿಯೂ ಇಲ್ಲ, ನೋಟಿಸೂ ಇಲ್ಲ. ಇಬ್ಬರಲ್ಲಿ ಒಬ್ಬರ ಕಡೆಯ ಸಂಪ್ರದಾಯದಂತೆ ವಿಧಿ ನಡೆದರೆ ಸಾಕು.

ಆದ್ದರಿಂದ ‘ರಿಜಿಸ್ಟರ್ ಮಾಡಿಕೊಂಡರೆ ಆಯಿತಲ್ಲ’ ಎಂಬ ಮಾತಿಗೆ ನಿಮ್ಮ ಕಥೆಯಲ್ಲಿ ಬೇರೆ ಉತ್ತರ ಬೇಕು. ಕಾನೂನು ಬಾಗಿಲು ತೆರೆದಿಟ್ಟಿದೆ, ವಿಧಿ ಮಾಡಿಸುವವರು ಯಾರು? ಯಾವ ಪುರೋಹಿತರು ಭಟ್ಟರ ಮುಖ ನೋಡದೆ ಮಂತ್ರ ಹೇಳುತ್ತಾರೆ? ಬಾಬುವಿನ ಕಡೆಯ ಗುರಿಕಾರ ತನ್ನ ಜನರನ್ನು ಎದುರು ಹಾಕಿಕೊಂಡು ಬರುತ್ತಾನೆಯೇ? ಯಾರೂ ಒಪ್ಪದೆ ಅವರು ವಿಶೇಷ ವಿವಾಹಕ್ಕೇ ಹೋದರು ಎಂದು ಬರೆದರೆ ನಿಮ್ಮ ನೋಟಿಸಿನ ದೃಶ್ಯವೂ ಉಳಿಯುತ್ತದೆ, ಅದಕ್ಕೊಂದು ಕಾರಣವೂ ಸಿಗುತ್ತದೆ. ಕಥೆಯನ್ನು ಇಂದಿನ ಕಾಲಕ್ಕೆ ತಂದರೆ ಲೆಕ್ಕ ಮತ್ತೆ ಬೇರೆ. 2008ರ ನಿಯಮಗಳ ನಂತರ ಕೇರಳದಲ್ಲಿ ಮದುವೆ ಮುಗಿಸಿ ಪಂಚಾಯತಿನಲ್ಲಿ ನೋಂದಾಯಿಸುವುದು ಸಲೀಸು.

ಈಗ ಜನ ಯಾಕೆ ಬಿಡದೆ ಓದುತ್ತಾರೆ ಎಂಬ ಪ್ರಶ್ನೆ. ಅಡ್ಡಿ ಹೆಚ್ಚಿದಷ್ಟೂ ಪ್ರೀತಿ ಹೆಚ್ಚುತ್ತದೆ, ಆ ಬಿಸಿಯೇ ಆಕರ್ಷಣೆ ಎಂಬ ಮಾತು ಚಾಲ್ತಿಯಲ್ಲಿದೆ. ಮನಃಶಾಸ್ತ್ರದಲ್ಲಿ ಇದಕ್ಕೆ ‘ರೋಮಿಯೋ–ಜೂಲಿಯೆಟ್ ಪರಿಣಾಮ’ ಎಂಬ ಹೆಸರೇ ಇದೆ. 1972ರ ಒಂದು ಅಮೆರಿಕನ್ ಅಧ್ಯಯನ ಹಾಗೆ ಹೇಳಿತು. 2014ರಲ್ಲಿ ಅದನ್ನೇ ಮತ್ತೆ ಪರೀಕ್ಷಿಸಿದಾಗ ಫಲಿತಾಂಶ ನಿಲ್ಲಲಿಲ್ಲ. ಮನೆಯವರ, ಸ್ನೇಹಿತರ ಒಪ್ಪಿಗೆ ಇದ್ದ ಕಡೆಯೇ ಸಂಬಂಧ ಗಟ್ಟಿಯಾಗಿತ್ತು. ನಮ್ಮ ಊರಿನ ಅಜ್ಜಿಯರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು.

‘ಈಗ ಯಾರು ಜಾತಿ ನೋಡುತ್ತಾರೆ’ ಎಂಬ ಮಾತೂ ಅಷ್ಟೇ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಜಾತಿ ಮೀರಿದ ಮದುವೆಗಳು ನೂರಕ್ಕೆ ಸುಮಾರು 5 ಮಾತ್ರ. ಹಾಗಿರುವಾಗ ಓದುಗರಲ್ಲಿ ಬಹುಪಾಲು ಜನ ಜಾತಿಯೊಳಗೇ ಮದುವೆಯಾದವರು, ಮಕ್ಕಳಿಗೂ ಹಾಗೆಯೇ ಮಾಡಿಸುವವರು. ಅವರೇ ಈ ಕಥೆಗಳ ದೊಡ್ಡ ಗಿರಾಕಿಗಳು. ಕತ್ತಲ ಸಭಾಂಗಣದಲ್ಲಿ ಕೂತು ಪ್ರೇಮಿಗಳ ಪರ ಕಣ್ಣೀರು ಹಾಕಿ, ಹೊರಗೆ ಬಂದು ಮಗಳ ಫೋನು ಪರೀಕ್ಷಿಸುವವರು. ಇದನ್ನು ಕಪಟ ಎಂದು ಬೈದು ಮುಗಿಸಬಹುದು, ಆದರೆ ಬರೆಯುವವರಿಗೆ ಅದರಿಂದ ಪ್ರಯೋಜನವಿಲ್ಲ. ಒಬ್ಬನೇ ಓದುಗನಲ್ಲಿ ಪ್ರೇಮಿಯೂ ಇದ್ದಾನೆ, ತಡೆಯುವವನೂ ಇದ್ದಾನೆ. ಹದಿನೆಂಟರಲ್ಲಿ ಒಂದು ಕಡೆ ಕೂತು ಓದಿದ ಕಥೆಯನ್ನು ಐವತ್ತರಲ್ಲಿ ಇನ್ನೊಂದು ಕಡೆ ಕೂತು ಓದುತ್ತಾನೆ. ಇಬ್ಬರಿಗೂ ಜಾಗ ಕೊಟ್ಟ ಕಥೆಗಳೇ ಬಾಳಿವೆ.

‘ನಾಗರಹಾವು’ ಸಿನಿಮಾ ಇದಕ್ಕೆ ಒಳ್ಳೆಯ ಸಾಕ್ಷಿ. ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ್ದು. ಅಲ್ಲಿ ರಾಮಾಚಾರಿ ಮತ್ತು ಅಲಮೇಲುವನ್ನು ಬೇರೆ ಮಾಡುವವರು ಯಾರು? ಕೋಲು ಹಿಡಿದ ಅಪ್ಪನಲ್ಲ, ರಾಮಾಚಾರಿ ದೇವರೆಂದು ತಿಳಿದ ಚಾಮಯ್ಯ ಮೇಷ್ಟ್ರು. ಅವರು ಬೆದರಿಸುವುದಿಲ್ಲ, ತ್ಯಾಗ ಮಾಡು ಎಂದು ಒಪ್ಪಿಸುತ್ತಾರೆ. ಊರಿಗೆಲ್ಲ ಎದುರು ನಿಲ್ಲುವ ಹುಡುಗ ಆ ಒಬ್ಬರ ಮಾತಿಗೆ ತಲೆಬಾಗುತ್ತಾನೆ. ಮುಂದೆ ಮದುವೆಯಾದ ಅಲಮೇಲು ಎಂಥ ಗತಿಗೆ ಬಂದಳು ಎಂದು ಕಂಡಾಗ, ಮೇಷ್ಟ್ರ ಒಳ್ಳೆಯತನದ ಬೆಲೆ ಏನು ಎಂದು ನೋಡುವವನೇ ಲೆಕ್ಕ ಹಾಕಬೇಕಾಗುತ್ತದೆ. ಚಾಮಯ್ಯ ಮೇಷ್ಟ್ರು ಕೆಟ್ಟವರಾಗಿದ್ದರೆ ಅರ್ಧ ಶತಮಾನದ ನಂತರವೂ ಜನ ಅವರ ಬಗ್ಗೆ ವಾದ ಮಾಡುತ್ತಿರಲಿಲ್ಲ.

ನಿಮ್ಮ ಕಥೆಯಲ್ಲಿ ಆ ಜಾಗ ಐತನದ್ದು ಎಂದು ನನಗೆ ತೋರುತ್ತದೆ. ಹಿರಿಮಗಳ ಮದುವೆಗೆ ಭಟ್ಟರಿಂದ ದುಡ್ಡು ತಂದಿದ್ದಾನೆ, ಅಡಿಕೆ ಕೊಯಿಲಿನಲ್ಲಿ ಮುರಿದುಕೊಳ್ಳಿ ಎಂದಿದ್ದಾನೆ. ಭಟ್ಟರು ಅದನ್ನು ಒಮ್ಮೆಯೂ ಎತ್ತಿ ಆಡಿಲ್ಲ. ಬಾಬುವಿನ ಕೆನ್ನೆಗೆ ಮೊದಲ ಪೆಟ್ಟು ಭಟ್ಟರ ಕೈಯಿಂದ ಬೀಳುವುದು ಬೇಡ, ಐತನ ಕೈಯಿಂದ ಬೀಳಲಿ. ಅವನು ಹೆದರಿ ಹೊಡೆಯುವುದಲ್ಲ, ಉಪಕಾರದ ಭಾರಕ್ಕೆ ಹೊಡೆಯುತ್ತಾನೆ.

ಕೊನೆಗೆ ಸಾಯಿಸುವ ಪ್ರಶ್ನೆ. ಸಾವು ತಪ್ಪಲ್ಲ, ಆದರೆ ಅದಕ್ಕೆ ಒಂದು ಅಪಾಯ ಇದೆ. ಪ್ರೇಮಿಗಳು ಸತ್ತರೆ ಯಾರೂ ಏನನ್ನೂ ಒಪ್ಪಿಕೊಳ್ಳಬೇಕಾಗುವುದಿಲ್ಲ. ಭಟ್ಟರೂ ಅಳಬಹುದು, ಓದುಗನೂ ಅಳಬಹುದು, ಮಾರನೆಯ ದಿನ ಲೋಟಗಳು ಅದೇ ಜಾಗದಲ್ಲಿ ಇರುತ್ತವೆ. ‘ಚೆಮ್ಮೀನ್’ನ ಮುಕ್ತಾಯವನ್ನು ಕಡಲಮ್ಮನ ಕಟ್ಟಳೆ ನಿಜವಾಯಿತು ಎಂದು ಓದಲೂ ಸಾಧ್ಯವಿದೆ. ಅಷ್ಟು ದೊಡ್ಡ ಕೃತಿಗೂ ಆ ಆಕ್ಷೇಪ ತಪ್ಪಿದ್ದಲ್ಲ. ನಿಮ್ಮ ಕರಡಿನಲ್ಲಂತೂ ಸಾವಿಗೆ ಮೊದಲಿನಿಂದ ತಯಾರಿಯೇ ಇಲ್ಲ, ದಾರಿ ಮುಗಿದದ್ದರಿಂದ ಸಾಯಿಸಿದ ಹಾಗಿದೆ.

ನಮ್ಮ ಊರಿನವರೇ ಆದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯನ್ನು ಇದಕ್ಕಾಗಿ ಮತ್ತೊಮ್ಮೆ ಓದಿ. ಅಲ್ಲಿ ಬೇರೆ ಜಾತಿ ಇಲ್ಲ, ಬೇರೆ ಧರ್ಮ ಇಲ್ಲ. ಗಂಡ ಹೆಂಡತಿಯೇ ಆಗಿದ್ದ ರಶೀದ್ ಮತ್ತು ನಾದಿರಾ ಪರಸ್ಪರ ನಿಷಿದ್ಧರಾಗುತ್ತಾರೆ. ಅಳಿಯನ ಮೇಲಿನ ಮುನಿಸಿಗೆ ಅಪ್ಪ ತಲಾಖ್ ಮಾಡಿಸಿದ್ದಾನೆ. ಮತ್ತೆ ಒಂದಾಗಬೇಕೆಂದರೆ ಅವಳು ನಡುವೆ ಇನ್ನೊಬ್ಬನಿಗೆ ಒಂದು ದಿನದ ಹೆಂಡತಿಯಾಗಬೇಕು. ಅವಳ ಸಾವು ಆ ಒಂದು ದಿನಕ್ಕೆ ಕೊಟ್ಟ ಉತ್ತರ. ಓದಿದವರು ವಿಧಿಯನ್ನು ಹಳಿಯುವುದಿಲ್ಲ, ನಿಯಮವನ್ನು ಪ್ರಶ್ನಿಸುತ್ತಾರೆ. ಸಾಯಿಸುವುದಿದ್ದರೆ ಅಂಥ ಗುರಿ ಇರಬೇಕು.

ಓಡಿಹೋಗಿ ಸುಖವಾಗಿದ್ದರು ಎಂದು ಮುಗಿಸಿದರೆ, ಕಷ್ಟ ಶುರುವಾಗುವ ಜಾಗದಲ್ಲಿ ಪುಸ್ತಕ ಮುಚ್ಚಿದಂತೆ. ನಾಗರಾಜ್ ಮಂಜುಳೆಯವರ ಮರಾಠಿ ಸಿನಿಮಾ ‘ಸೈರಾಟ್’ (2016) ಜನರನ್ನು ಅಲುಗಾಡಿಸಿದ್ದು ಓಡಿಹೋದ ನಂತರದ ಭಾಗದಿಂದ. ಸೊಲ್ಲಾಪುರ ಜಿಲ್ಲೆಯ ಪಾಟೀಲರ ಮನೆಯ ಹುಡುಗಿ ಹೈದರಾಬಾದಿನ ಕೊಳೆಗೇರಿಯಲ್ಲಿ, ಭಾಷೆ ಬಾರದ ಊರಲ್ಲಿ ದುಡಿದು, ಜಗಳವಾಡಿ, ಮತ್ತೆ ಒಂದಾಗಿ ಸಂಸಾರ ಕಟ್ಟುವುದನ್ನು ಅದು ಆತುರವಿಲ್ಲದೆ ತೋರಿಸಿತು. ಆ ಸಂಸಾರವನ್ನು ನಾವು ನಂಬಿದ್ದರಿಂದಲೇ ಅವಳ ಸಹೋದರ ಉಡುಗೊರೆ ಹಿಡಿದು ಬಾಗಿಲಿಗೆ ಬಂದಾಗ ಎದೆ ಝಲ್ಲೆಂದಿತು.

ನಮ್ಮಲ್ಲಿ ಹೆಚ್ಚು ಮಂದಿ ಬರೆಯದ ಮುಕ್ತಾಯ ಒಂದಿದೆ: ಮದುವೆಯಾಗಿ ಅದೇ ಊರಲ್ಲಿ ಉಳಿಯುವುದು. ಕಷ್ಟದ ದಾರಿ ಇದು, ದೊಡ್ಡ ಘಟನೆಗಳೇ ಸಿಗುವುದಿಲ್ಲ, ಕೈ ಸ್ವಲ್ಪ ಸಡಿಲಾದರೂ ಕಥೆ ಎಳೆದಂತಾಗುತ್ತದೆ. ಆದರೆ ನಿಮ್ಮ ಹತ್ತಿರ ಐತನ ಹತ್ತು ಸೆಂಟ್ಸ್ ಇದೆ, ಯಾರೂ ಎಬ್ಬಿಸಲಾಗದ ನೆಲ. ಸುಮನಾ ಅಲ್ಲಿಗೆ ಸೊಸೆಯಾಗಿ ಬಂದರೆ ಅಪ್ಪನ ತೋಟದ ಬೇಲಿಗೆ ತಾಗಿಯೇ ಬದುಕಬೇಕು. ಬೇಸಗೆಯಲ್ಲಿ ಯಾವ ಕೆರೆಗೆ ಹೋಗುತ್ತಾಳೆ? ಜೂನಿನಲ್ಲಿ ಮದ್ದು ಬಿಡಲು ಐತ ಹೋಗುತ್ತಾನೆಯೇ, ಬಾಬು ಹೋಗುತ್ತಾನೆಯೇ, ಹೋದರೆ ಚಾ ಯಾವ ಲೋಟದಲ್ಲಿ? ಭಟ್ಟರ ಮನೆಯಲ್ಲಿ ಅಜ್ಜಿ ತೀರಿಕೊಂಡಾಗ ಮೊಮ್ಮಗಳು ಅಂಗಳದಲ್ಲಿ ಎಲ್ಲಿಯವರೆಗೆ ಬರುತ್ತಾಳೆ? ಇವಕ್ಕೆ ಒಂದೊಂದು ಅಧ್ಯಾಯ ಕೊಟ್ಟು ಬರೆದು ನೋಡಿ. ಈಗಿನ ಸಾವಿನ ಅಧ್ಯಾಯವನ್ನು ಹರಿದು ಹಾಕಬೇಡಿ, ಪಕ್ಕಕ್ಕಿಡಿ. ಎರಡೂ ಮುಕ್ತಾಯಗಳನ್ನು ಅದೇ ಗೆಳತಿಯರಿಗೆ ಕೊಟ್ಟು, ಅಳು ಬಂತೇ ಎಂದು ಕೇಳಬೇಡಿ. ಭಟ್ಟರ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿ. ಅವರು ಉತ್ತರಿಸಲು ತಡಮಾಡಿದ ಪ್ರತಿಯನ್ನು ಪ್ರಕಾಶಕರಿಗೆ ಕಳಿಸಿ.